ಎಫ್‌ಡಿ ಮಾಡಿಸಲು ಹೋದವರು ಪಾಲಿಸಿ ತಂದರೆ: ಮಿಸ್‌ಸೆಲ್ಲಿಂಗ್ ಒಳಗಿನ ಲೆಕ್ಕ

ಸರೋಜಮ್ಮ ಅಂತ ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು 66. ತಿಂಗಳಿಗೆ 22,000 ರೂಪಾಯಿ ಪಿಂಚಣಿ. ಬ್ಯಾಂಕಿನಲ್ಲಿ ಇಟ್ಟಿದ್ದ 6 ಲಕ್ಷದ ಎಫ್‌ಡಿ ಅವಧಿ ಮುಗಿದಿದೆ. ಅದನ್ನು ಮತ್ತೆ ಇಡೋಣ ಅಂತ ಪಾಸ್‌ಬುಕ್ ಹಿಡಿದು ಬೆಳಗ್ಗೆ ಹನ್ನೊಂದಕ್ಕೆ ಬ್ಯಾಂಕಿಗೆ ಹೋಗುತ್ತಾರೆ. ಕೌಂಟರಿನಲ್ಲಿದ್ದವರು ಮ್ಯಾನೇಜರ್ ಪಕ್ಕದ ಮೇಜು ತೋರಿಸುತ್ತಾರೆ. ಅಲ್ಲಿ ಟೈ ಕಟ್ಟಿಕೊಂಡ ಹುಡುಗ ಎದ್ದು ನಿಂತು ಕುರ್ಚಿ ಎಳೆದು ಕೊಡುತ್ತಾನೆ.

"ಟೀಚರೇ, ಎಫ್‌ಡಿ ಬಡ್ಡಿ ಇಳಿದುಹೋಗಿದೆ. ನಮ್ಮದೇ ಬ್ಯಾಂಕಿನ ಹೊಸ ಸ್ಕೀಮ್ ಇದೆ. ದುಡ್ಡು ಡಬಲ್, ಗ್ಯಾರಂಟಿ. ಟ್ಯಾಕ್ಸ್ ಇಲ್ಲ. ಒಂದು ಲಕ್ಷ ಇದರಲ್ಲಿ ಹಾಕಿ, ಉಳಿದ ಐದು ಎಫ್‌ಡಿಯಲ್ಲೇ ಇರಲಿ. ಇವತ್ತೇ ಕೊನೆ ದಿನ."

ಹನ್ನೆರಡು ಕಡೆ ಸಹಿ ಆಗುತ್ತದೆ. ಮುಂದಿನ ವರ್ಷ ಅದೇ ತಿಂಗಳು ಖಾತೆಯಿಂದ ಇನ್ನೊಂದು ಲಕ್ಷ ತಾನೇ ಕಟಾವಾಗುತ್ತದೆ. ಆಗ ಗೊತ್ತಾಗುತ್ತದೆ: ಅದು ಎಫ್‌ಡಿ ಅಲ್ಲ, ಜೀವ ವಿಮೆ. ಒಂದು ಸಲ ಕಟ್ಟಿ ಬಿಡುವಂಥದ್ದಲ್ಲ, ಹತ್ತು ವರ್ಷ ಕಟ್ಟಬೇಕು. ದುಡ್ಡು ಕೈಗೆ ಬರುವುದು ಇಪ್ಪತ್ತು ವರ್ಷಕ್ಕೆ, ಅಂದರೆ ಅವರಿಗೆ 86 ಆದಾಗ.

ಸರೋಜಮ್ಮ ಲೆಕ್ಕ ಅರ್ಥವಾಗಲಿ ಅಂತ ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಆ ಹುಡುಗ ಆಡಿದ ಮಾತುಗಳು ಕಟ್ಟುಕಥೆಯಲ್ಲ. ಬ್ಯಾಂಕಿನ ಮೂಲಕ ಮಾರಿದ ವಿಮೆಯ ದೂರುಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳೇ ಇವು. ನಿಮ್ಮ ಮನೆಯಲ್ಲೂ ಇಂಥ ಒಂದು "ಬಾಂಡ್" ಬೀರುವಿನಲ್ಲಿ ಕೂತಿರಬಹುದು.

## ಮಿಸ್‌ಸೆಲ್ಲಿಂಗ್ ಅಂದರೇನು, ಏನಲ್ಲ

ಕೊಳ್ಳುವವರಿಗೆ ಹೊಂದದ ವಸ್ತುವನ್ನು, ಅದು ಏನು ಅನ್ನುವುದನ್ನು ಮರೆಸಿ ಅಥವಾ ಅರ್ಧ ಮಾತ್ರ ಹೇಳಿ ಮಾರುವುದೇ ಮಿಸ್‌ಸೆಲ್ಲಿಂಗ್. ಇಲ್ಲಿ ವಸ್ತು ನಕಲಿಯಾಗಿರಬೇಕಿಲ್ಲ. ಸರೋಜಮ್ಮನ ಪಾಲಿಸಿ ಅಸಲಿ. ಕಂಪನಿ ಅಸಲಿ, ರಸೀದಿ ಅಸಲಿ, ಸಹಿಯೂ ಅವರದೇ. ಹಾಗಾಗಿ ಇದು ಆನ್‌ಲೈನ್ ವಂಚನೆಯಂಥದ್ದಲ್ಲ, ಪೊಲೀಸರ ಹತ್ತಿರ ಹೋದರೂ "ನೀವೇ ಸಹಿ ಹಾಕಿದ್ದೀರಲ್ಲ" ಅನ್ನುವ ಉತ್ತರ ಬರುವುದು ಜಾಸ್ತಿ.

ಒಂದು ಹೋಲಿಕೆ ಕೊಡುತ್ತೇನೆ. ಮೊಣಕಾಲು ನೋವಿನ ಅಜ್ಜಿ ಚಪ್ಪಲಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಓಡುವವರ ಶೂ ಕೊಡುತ್ತಾನೆ. ಶೂ ಚೆನ್ನಾಗಿದೆ, ಬೆಲೆಗೆ ತಕ್ಕದ್ದೇ. ಆದರೆ "ಇದು ಮೊಣಕಾಲು ನೋವಿಗೆ ಅಂತಲೇ ಮಾಡಿರೋದು" ಅಂತ ಹೇಳಿ ಮಾರಿದ್ದರೆ ಅದು ಮಿಸ್‌ಸೆಲ್ಲಿಂಗ್. ತಪ್ಪು ಇರುವುದು ವಸ್ತು ಮತ್ತು ಮನುಷ್ಯರ ನಡುವಿನ ಹೊಂದಿಕೆಯಲ್ಲಿ, ಮತ್ತೆ ಆ ಮಾತಿನಲ್ಲಿ.

ಎಲ್ಲ ಹೇಳಿ, ಅರ್ಥಮಾಡಿಸಿ ಮಾರಿದ ಮೇಲೂ ನಷ್ಟವಾದರೆ ಅದು ಮಿಸ್‌ಸೆಲ್ಲಿಂಗ್ ಅಲ್ಲ. ಮಾರುಕಟ್ಟೆ ಬಿದ್ದು ಮ್ಯೂಚುವಲ್ ಫಂಡಿನ ಬೆಲೆ ಇಳಿದದ್ದು ಮಾರಿದವರ ತಪ್ಪಾಗುವುದಿಲ್ಲ. "ಇದು ಇಳಿಯುವುದೇ ಇಲ್ಲ" ಅಂದಿದ್ದರೆ ಮಾತ್ರ ತಪ್ಪು.

## "ಡಬಲ್" ಅನ್ನುವ ಮಾತಿನ ಒಳಗೆ

ಈಗ ಆ ಪಾಲಿಸಿಯ ಲೆಕ್ಕ ನೋಡೋಣ. ವರ್ಷಕ್ಕೆ 1 ಲಕ್ಷ, ಹತ್ತು ವರ್ಷ. ಒಟ್ಟು 10 ಲಕ್ಷ ಕಟ್ಟಿದ್ದು. ಇಪ್ಪತ್ತನೇ ವರ್ಷದ ಕೊನೆಗೆ 20 ಲಕ್ಷ ಬರುತ್ತದೆ. ಹುಡುಗ ಹೇಳಿದ್ದು ಸುಳ್ಳಲ್ಲ, ನಿಜವಾಗಿಯೂ ಡಬಲ್.

ಆದರೆ ದುಡ್ಡು ಎಷ್ಟು ವರ್ಷ ಅಲ್ಲಿ ಕೂತಿತ್ತು? ಮೊದಲ ಲಕ್ಷ 20 ವರ್ಷ ಕೂತಿತ್ತು. ಹತ್ತನೇ ವರ್ಷದ ಶುರುವಿನಲ್ಲಿ ಕಟ್ಟಿದ ಕೊನೆಯ ಲಕ್ಷ 11 ವರ್ಷ ಕೂತಿತ್ತು. ಸರಾಸರಿ ತೆಗೆದರೆ ಪ್ರತಿ ಲಕ್ಷವೂ ಹದಿನೈದೂವರೆ ವರ್ಷ.

ಇಂತಿಷ್ಟು ವರ್ಷಕ್ಕೆ ದುಡ್ಡು ಎರಡರಷ್ಟಾದರೆ ಬಡ್ಡಿ ಎಷ್ಟು ಬಿತ್ತು ಅಂತ ತಿಳಿಯಲು ಒಂದು ಹಳೆಯ ಉಪಾಯ ಇದೆ. 72ನ್ನು ವರ್ಷಗಳಿಂದ ಭಾಗಿಸಿ, ಬಡ್ಡಿ ದರ ಸುಮಾರಾಗಿ ಸಿಗುತ್ತದೆ. 72ನ್ನು 15.5ರಿಂದ ಭಾಗಿಸಿದರೆ 4.6. ಸರಿಯಾಗಿ ಕೂಡಿ ಕಳೆದು ನೋಡಿದರೂ ವರ್ಷಕ್ಕೆ ಶೇ 4.5ರ ಹತ್ತಿರವೇ ಬರುತ್ತದೆ. "ಬಡ್ಡಿ ಇಳಿದುಹೋಗಿದೆ" ಅಂತ ಬಿಡಿಸಿದ ಎಫ್‌ಡಿ ಶೇ 6.5 ಕೊಡುತ್ತಿತ್ತು ಅಂತ ಇಟ್ಟುಕೊಳ್ಳಿ. ಇದೇ ಹತ್ತು ಲಕ್ಷವನ್ನು ಇದೇ ರೀತಿ ವರ್ಷಕ್ಕೊಂದರಂತೆ ಅದರಲ್ಲಿ ಇಟ್ಟು, ಅದೇ ದರ ಉಳಿದಿದ್ದರೆ, ಇಪ್ಪತ್ತು ವರ್ಷಕ್ಕೆ ಸುಮಾರು 27 ಲಕ್ಷ ಆಗುತ್ತಿತ್ತು. ಏಳು ಲಕ್ಷದ ವ್ಯತ್ಯಾಸ.

"ಎಫ್‌ಡಿ ಬಡ್ಡಿಗೆ ಟ್ಯಾಕ್ಸ್ ಇದೆ, ಇದಕ್ಕಿಲ್ಲ" ಅನ್ನುತ್ತಾರೆ. ಹೆಚ್ಚು ಆದಾಯ ಇರುವವರಿಗೆ ಆ ಮಾತಿಗೆ ಸ್ವಲ್ಪ ತೂಕ ಇದೆ. ಆದರೆ ವರ್ಷಕ್ಕೆ 2.64 ಲಕ್ಷ ಪಿಂಚಣಿ, ಅದರ ಮೇಲೆ ಸುಮಾರು 39,000 ಬಡ್ಡಿ ಬರುವ ಸರೋಜಮ್ಮನಿಗೆ ತೆರಿಗೆಯೇ ಬರುವುದಿಲ್ಲ. ಇಲ್ಲದ ತೆರಿಗೆ ಉಳಿಸಲು ಏಳು ಲಕ್ಷ ಬಿಟ್ಟುಕೊಟ್ಟ ಹಾಗೆ.

ಇನ್ನು ವಿಮೆ. ಇಂಥ ಪಾಲಿಸಿಯಲ್ಲಿ ಸಾಮಾನ್ಯವಾಗಿ ವರ್ಷದ ಪ್ರೀಮಿಯಂನ ಹತ್ತು ಪಟ್ಟು, ಅಂದರೆ 10 ಲಕ್ಷದ ರಕ್ಷಣೆ ಇರುತ್ತದೆ. ಜೀವ ವಿಮೆ ಬೇಕಾಗುವುದು ಯಾರಿಗೆ? ತಮ್ಮ ದುಡಿಮೆಯನ್ನೇ ನಂಬಿದ ಹೆಂಡತಿ ಮಕ್ಕಳು ಇರುವವರಿಗೆ. ಸರೋಜಮ್ಮನ ಮಕ್ಕಳು ದುಡಿಯುತ್ತಿದ್ದಾರೆ, ಅಮ್ಮನನ್ನು ನಂಬಿ ಯಾರೂ ಇಲ್ಲ. 66 ವರ್ಷದವರಿಗೆ ಇಪ್ಪತ್ತು ವರ್ಷದ ಪಾಲಿಸಿ ಸುಲಭವಾಗಿ ಸಿಗುವುದೂ ಇಲ್ಲ. ಅದಕ್ಕೇ ಅರ್ಜಿಯಲ್ಲಿ ವಿಮೆ ಮಾಡಿಸಿದ ಜೀವ ಅಂತ 38 ವರ್ಷದ ಮಗನ ಹೆಸರು ಬರೆಯುತ್ತಾರೆ. ದುಡ್ಡು ಕಟ್ಟುವುದು ಅಮ್ಮ, ವಿಮೆ ಮಗನ ಮೇಲೆ. ವಯಸ್ಸಾದವರಿಗೆ ಮಾರಿದ ಪಾಲಿಸಿಯಲ್ಲಿ ಇದನ್ನು ನೋಡಿದರೆ ಒಂದು ಕ್ಷಣ ನಿಲ್ಲಿ. ಮಗನಿಗೆ ವಿಮೆ ಬೇಕು ಅಂತ ಆ ದಿನ ಯಾರಾದರೂ ಕೇಳಿದ್ದರಾ?

## ಹುಡುಗ ಯಾಕೆ ಹಾಗೆ ಹೇಳಿದ

ಇಲ್ಲಿ ಹುಡುಗನ ಗುಣದ ಬಗ್ಗೆ ಯೋಚಿಸುವುದಕ್ಕಿಂತ ಅವನ ಸಂಬಳದ ಚೀಟಿ ಬಗ್ಗೆ ಯೋಚಿಸುವುದು ಒಳ್ಳೆಯದು. ಬ್ಯಾಂಕು ವಿಮಾ ಕಂಪನಿಗೆ ಏಜೆಂಟ್ ಆಗಿ ಕೆಲಸ ಮಾಡುತ್ತದೆ. ಮಾರಿದ ಪಾಲಿಸಿಗೆಲ್ಲ ಬ್ಯಾಂಕಿಗೆ ಕಮಿಷನ್. ಮೇಜಿನ ಹಿಂದೆ ಕೂತ ಹುಡುಗ ಎಷ್ಟೋ ಸಲ ಬ್ಯಾಂಕಿನವನೇ ಅಲ್ಲ, ವಿಮಾ ಕಂಪನಿಯ ನೌಕರ. ಸರೋಜಮ್ಮನಿಗೆ ಅದು ಹೇಗೆ ತಿಳಿಯಬೇಕು? ಬ್ಯಾಂಕಿನ ಒಳಗೆ, ಬ್ಯಾಂಕಿನ ಕುರ್ಚಿಯಲ್ಲಿ ಕೂತವರೆಲ್ಲ ಬ್ಯಾಂಕಿನವರೇ ಅಲ್ವಾ.

ಕಮಿಷನ್ ಯಾವಾಗ ಸಿಗುತ್ತದೆ ಅನ್ನುವುದು ಅದರ ಮೊತ್ತಕ್ಕಿಂತ ಮುಖ್ಯ. ದೀರ್ಘಾವಧಿ ಜೀವ ವಿಮೆಯಲ್ಲಿ ಮೊದಲ ವರ್ಷದ ಪ್ರೀಮಿಯಂನಲ್ಲಿ ದೊಡ್ಡ ಪಾಲು ಕಮಿಷನ್‌ಗೆ ಹೋಗುವುದು ಹಳೆಯ ರೂಢಿ. ಎಷ್ಟೋ ವರ್ಷ ಶೇ 35ರ ವರೆಗೂ ಕೊಡಲು ಅವಕಾಶ ಇತ್ತು. ಎರಡು, ಮೂರನೇ ವರ್ಷಕ್ಕೆ ಅದು ಶೇ 7.5ಕ್ಕೆ ಇಳಿಯುತ್ತಿತ್ತು, ಆಮೇಲೆ ಶೇ 5. ವಿಮಾ ನಿಯಂತ್ರಕ ಐಆರ್‌ಡಿಎಐ 2023ರಲ್ಲಿ ಒಂದೊಂದು ಪಾಲಿಸಿಗೆ ಇದ್ದ ಈ ಮಿತಿ ತೆಗೆದು, ಕಂಪನಿಯ ಒಟ್ಟು ಖರ್ಚಿಗೆ ಮಿತಿ ಇಟ್ಟಿತು. ಆ ಮಿತಿಯೊಳಗೆ ಯಾರಿಗೆ ಎಷ್ಟು ಕೊಡಬೇಕು ಅಂತ ಈಗ ಕಂಪನಿಯೇ ತೀರ್ಮಾನಿಸುತ್ತದೆ.

ಶೇ 30 ಅಂತಲೇ ಇಟ್ಟುಕೊಳ್ಳೋಣ. ಸರೋಜಮ್ಮನ ಮೊದಲ ಲಕ್ಷದಲ್ಲಿ 30,000 ರೂಪಾಯಿ ಆವತ್ತೇ ಮಾರಿದ ಕಡೆಗೆ ಹೋಯಿತು. ಅದೇ ಲಕ್ಷವನ್ನು ಎಫ್‌ಡಿಗೆ ಹಾಕಿದ್ದರೆ ಕಮಿಷನ್ ಸೊನ್ನೆ. ಎರಡನೇ ವರ್ಷ ಅವರು ಕಟ್ಟದಿದ್ದರೂ ಮಾರಿದವರಿಗೆ ದೊಡ್ಡ ನಷ್ಟ ಇಲ್ಲ. ನಷ್ಟವೆಲ್ಲ ಸರೋಜಮ್ಮನದು.

ಇದರ ಮೇಲೆ ಟಾರ್ಗೆಟ್. ಶಾಖೆಗೆ ಇಷ್ಟು ಪ್ರೀಮಿಯಂ ಬರಬೇಕು ಅಂತ ಮೇಲಿನಿಂದ ಲೆಕ್ಕ ಬರುತ್ತದೆ. ತಿಂಗಳ ಕೊನೆಯ ವಾರ, ಅದರಲ್ಲೂ ಮಾರ್ಚ್‌ನಲ್ಲಿ ಮಾರಾಟದ ಕರೆಗಳು ಯಾಕೆ ಜಾಸ್ತಿಯಾಗುತ್ತವೆ ಅಂದರೆ ಇದಕ್ಕೇ. ವಿಮಾ ಕಂಪನಿಯವರು ಬ್ಯಾಂಕ್ ಸಿಬ್ಬಂದಿಗೆ ದುಡ್ಡಿನ ರೂಪದಲ್ಲಾಗಲಿ, ಬೇರೆ ರೂಪದಲ್ಲಾಗಲಿ ಪ್ರೋತ್ಸಾಹ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಗ್ರಾಹಕರು ವಿಮೆ ಕೊಳ್ಳುವುದು ಪೂರ್ತಿ ಅವರ ಇಷ್ಟ, ಬ್ಯಾಂಕಿನ ಬೇರೆ ಸೇವೆಗೆ ಅದನ್ನು ಜೋಡಿಸಬಾರದು ಅಂತಲೂ ಇದೆ. ಆದರೆ ವರ್ಗಾವಣೆ, ಬಡ್ತಿ, ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಕೇಳಿಸಿಕೊಳ್ಳುವ ಬೈಗುಳ, ಇವು ಯಾವ ನಿಯಮದ ಪಟ್ಟಿಯಲ್ಲೂ ಬರುವುದಿಲ್ಲ.

ಟಾರ್ಗೆಟ್ ಒಂದೇ ಎಷ್ಟು ದೂರ ಒಯ್ಯಬಹುದು ಅನ್ನುವುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣ ದೊಡ್ಡ ಸಾಕ್ಷಿ. ಒಂದೊಂದು ಮನೆಗೂ ಬ್ಯಾಂಕಿನ ಎಂಟು ಸೇವೆ ಮಾರಬೇಕು ಅನ್ನುವುದು ಅಲ್ಲಿನ ಗುರಿ. ಅಷ್ಟು ಯಾರಿಗೆ ಬೇಕು? ಗುರಿ ಮುಟ್ಟಲಾಗದ ಸಿಬ್ಬಂದಿ ಗ್ರಾಹಕರಿಗೆ ಹೇಳದೆ ಅವರ ಹೆಸರಲ್ಲಿ ಖಾತೆ, ಕಾರ್ಡ್ ತೆರೆಯತೊಡಗಿದರು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಆಗ ಇಂಥ ಖಾತೆಗಳು ಸುಮಾರು 20 ಲಕ್ಷ ಇರಬಹುದು ಅಂದಿದ್ದರು, ಮರುವರ್ಷ ಬ್ಯಾಂಕೇ ಆ ಅಂದಾಜನ್ನು 35 ಲಕ್ಷಕ್ಕೆ ಏರಿಸಿತು. ಅಷ್ಟರಲ್ಲಿ ಸುಮಾರು 5,300 ಸಿಬ್ಬಂದಿ ಕೆಲಸ ಕಳೆದುಕೊಂಡಿದ್ದರು. ಒಂದೇ ಬ್ಯಾಂಕಿನಲ್ಲಿ ಐದು ಸಾವಿರ ಕೆಟ್ಟ ಮನುಷ್ಯರು ಹೇಗೋ ಸೇರಿಕೊಂಡರು ಅಂತ ನಂಬುವುದು ಕಷ್ಟ. ಎಂಟರ ಗುರಿ ಎಲ್ಲರ ತಲೆ ಮೇಲೂ ಒಂದೇ ಥರ ಕೂತಿತ್ತು ಅನ್ನುವುದೇ ನಂಬುವಂಥ ಮಾತು.

## ಒತ್ತಡದ ಮಾತು ಗುರುತಿಸುವುದು

"ಇವತ್ತೇ ಕೊನೆ ದಿನ" ಅನ್ನುವ ಮಾತಿನ ಕೆಲಸ ಒಂದೇ. ನೀವು ಮನೆಗೆ ಹೋಗಿ ಮಗಳನ್ನೋ ಅಳಿಯನನ್ನೋ ಕೇಳಬಾರದು. ನಿಜವಾಗಿ ಒಂದು ಪಾಲಿಸಿ ನಾಳೆ ನಿಂತರೂ ಅಂಥದ್ದೇ ಇನ್ನೊಂದು ಬೇರೆ ಹೆಸರಲ್ಲಿ ಬಂದೇ ಬರುತ್ತದೆ. ಇಪ್ಪತ್ತು ವರ್ಷದ ಒಪ್ಪಂದಕ್ಕೆ ಎರಡು ದಿನ ಯೋಚಿಸಲು ಬಿಡದವರ ಹತ್ತಿರ ಸಹಿ ಹಾಕಬೇಡಿ, ಅಷ್ಟೇ.

ಎರಡನೆಯದು, ಸೇವೆಯ ಜೊತೆ ಕಟ್ಟುವುದು. "ಲಾಕರ್ ಬೇಕಾ, ಒಂದು ಪಾಲಿಸಿ ಮಾಡಿಸಿ." "ಸಾಲ ಮಂಜೂರಾಗಬೇಕಾದರೆ ಇದೂ ಬೇಕು." ಇದನ್ನು ಬಾಯಲ್ಲಿ ಹೇಳುತ್ತಾರೆ, ಎಂದೂ ಬರೆದು ಕೊಡುವುದಿಲ್ಲ. "ಹಾಗಂತ ಒಂದು ಹಾಳೆ ಮೇಲೆ ಬರೆದು ಸೀಲ್ ಹಾಕಿ ಕೊಡಿ ಸರ್" ಅಂತ ಮರ್ಯಾದೆಯಿಂದಲೇ ಕೇಳಿ ನೋಡಿ. ಹೆಚ್ಚಿನ ಸಲ ಷರತ್ತು ಅಲ್ಲೇ ಕರಗಿಹೋಗುತ್ತದೆ.

ಮೂರನೆಯದು ಹೆಸರು ಬದಲಿಸುವುದು. ಇಡೀ ಮಾತಿನಲ್ಲಿ "ವಿಮೆ" ಅನ್ನುವ ಪದವೇ ಬರುವುದಿಲ್ಲ. ಸ್ಕೀಮ್, ಪ್ಲಾನ್, ಬಾಂಡ್, "ಎಫ್‌ಡಿ ಥರಾನೇ" ಅನ್ನುತ್ತಾರೆ. ಪ್ರೀಮಿಯಂ ಅನ್ನುವ ಬದಲು ಡೆಪಾಸಿಟ್ ಅನ್ನುತ್ತಾರೆ. ಹಾಗಾಗಿ ನೇರವಾಗಿ ಕೇಳಿ: "ಇದು ವಿಮೆನಾ? ಎಷ್ಟು ವರ್ಷ ಕಟ್ಟಬೇಕು? ಮುಂದಿನ ವರ್ಷ ಕಟ್ಟದಿದ್ದರೆ ನನ್ನ ದುಡ್ಡಲ್ಲಿ ಎಷ್ಟು ವಾಪಸ್ ಬರುತ್ತೆ?" ಮೂರನೇ ಪ್ರಶ್ನೆಗೆ ರೂಪಾಯಿ ಲೆಕ್ಕದಲ್ಲಿ ಉತ್ತರ ಬರಬೇಕು. "ಅದೆಲ್ಲ ಆಗಲ್ಲ ಬಿಡಿ ಟೀಚರೇ" ಅನ್ನುವುದು ಉತ್ತರವಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವಂಥದ್ದು. ಪಾಲಿಸಿ ಕೊಡುವ ಮೊದಲು ಕಂಪನಿಯಿಂದ ಒಂದು ಕರೆ ಬರುತ್ತದೆ. ಗ್ರಾಹಕರಿಗೆ ವಿಷಯ ಸರಿಯಾಗಿ ಗೊತ್ತಿದೆಯಾ ಅಂತ ಪರೀಕ್ಷಿಸಲು ಮಾಡಿದ ವ್ಯವಸ್ಥೆ ಅದು. ಮಾರುವವರು ಮೊದಲೇ ಹೇಳಿಟ್ಟಿರುತ್ತಾರೆ: "ಒಂದು ಫೋನ್ ಬರುತ್ತೆ, ಸುಮ್ನೆ ಎಲ್ಲದಕ್ಕೂ ಯೆಸ್ ಅನ್ನಿ, ಇಲ್ಲಾಂದ್ರೆ ಕ್ಯಾನ್ಸಲ್ ಆಗುತ್ತೆ." ಸರೋಜಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಯೆಸ್, ಯೆಸ್, ಯೆಸ್ ಅನ್ನುತ್ತಾರೆ. ಆ ಮೂರು ಯೆಸ್ ರೆಕಾರ್ಡ್ ಆಗಿ, ಮುಂದೆ ದೂರು ಕೊಟ್ಟಾಗ ಅವರ ವಿರುದ್ಧವೇ ನಿಲ್ಲುತ್ತವೆ. "ಹೀಗೆ ಉತ್ತರ ಕೊಡಿ" ಅಂತ ಯಾರಾದರೂ ಮೊದಲೇ ಕಲಿಸಿದರೆ, ಆ ಮಾರಾಟ ಅಲ್ಲಿಗೇ ನಿಲ್ಲಿಸಬೇಕು.

## ಕಾಗದದಲ್ಲಿ ಎಲ್ಲಿ ನೋಡಬೇಕು

ಪಾಲಿಸಿ ಪುಸ್ತಕ ದಪ್ಪ ಇರುತ್ತದೆ, ಎಲ್ಲ ಓದಬೇಕಿಲ್ಲ. ಅದರ ಕೊನೆಗೆ ನಿಮ್ಮದೇ ಅರ್ಜಿಯ ನಕಲು ಇರುತ್ತದೆ. ಮೊದಲು ಅದನ್ನು ತೆರೆಯಿರಿ. ಆದಾಯ, ಉದ್ಯೋಗ ಏನು ಬರೆದಿದೆ? ಪಿಂಚಣಿದಾರರ ಅರ್ಜಿಯಲ್ಲಿ "ವ್ಯಾಪಾರ, ವರ್ಷಕ್ಕೆ 8 ಲಕ್ಷ" ಅಂತ ಬರೆದಿರುವುದು ಉಂಟು, ಯಾಕೆಂದರೆ ನಿಜವಾದ ಆದಾಯ ಬರೆದರೆ ಇಷ್ಟು ದೊಡ್ಡ ಪ್ರೀಮಿಯಂಗೆ ಒಪ್ಪಿಗೆ ಸಿಗುವುದಿಲ್ಲ. ಮೊಬೈಲ್ ನಂಬರ್, ಇಮೇಲ್ ನಿಮ್ಮದೇನಾ? ಅದು ಬೇರೆಯವರದಾಗಿದ್ದರೆ ಕಂಪನಿ ಕಳಿಸುವ ಯಾವ ಎಚ್ಚರಿಕೆಯೂ ನಿಮ್ಮನ್ನು ಮುಟ್ಟುವುದಿಲ್ಲ. ಸುಳ್ಳು ಆದಾಯ, ಪರರ ನಂಬರ್ ಎರಡೂ ಮುಂದೆ ನಿಮ್ಮ ದೂರಿಗೆ ಗಟ್ಟಿ ಆಧಾರ.

ಆಮೇಲೆ ವರ್ಷವಾರು ಕೋಷ್ಟಕ ಇರುವ ಹಾಳೆ ಹುಡುಕಿ. ಎಷ್ಟು ಕಟ್ಟುತ್ತೀರಿ, ಯಾವ ವರ್ಷ ಎಷ್ಟು ಬರುತ್ತದೆ ಅನ್ನುವುದು ಅದರಲ್ಲಿರುತ್ತದೆ. ಅದರಲ್ಲಿ "ಗ್ಯಾರಂಟಿ" ಅಂಕಣ ಬೇರೆ, ಶೇ 4 ಮತ್ತು ಶೇ 8 ಗಳಿಕೆ ಬಂದರೆ ಅಂತ ಊಹಿಸಿ ತೋರಿಸಿದ ಅಂಕಣಗಳು ಬೇರೆ. ಬಾಯಲ್ಲಿ ಹೇಳಿದ ದೊಡ್ಡ ಸಂಖ್ಯೆ ಶೇ 8ರ ಅಂಕಣದಲ್ಲಿ ಮಾತ್ರ ಸಿಕ್ಕಿದರೆ, ಅದು ಭರವಸೆಯಲ್ಲ, ಊಹೆ. ಇನ್ನೊಂದು ಅಂಕಣ ಸರೆಂಡರ್ ಮೌಲ್ಯ, ಅಂದರೆ ಮಧ್ಯದಲ್ಲಿ ಬಿಟ್ಟರೆ ಸಿಗುವುದು. ಹಳೆಯ ಪಾಲಿಸಿಗಳಲ್ಲಿ ಒಂದೇ ಕಂತು ಕಟ್ಟಿ ನಿಲ್ಲಿಸಿದರೆ ಏನೂ ಸಿಗುತ್ತಿರಲಿಲ್ಲ. ಎರಡು ಕಂತು ಕಟ್ಟಿದ್ದರೆ ಕಟ್ಟಿದ್ದರಲ್ಲಿ ಶೇ 30. 2024ರ ಅಕ್ಟೋಬರ್ 1ರಿಂದ ಬಂದ ನಿಯಮದಲ್ಲಿ ಪೂರ್ತಿ ಒಂದು ವರ್ಷದ ಪ್ರೀಮಿಯಂ ಕಟ್ಟಿ ವರ್ಷ ಮುಗಿದಿದ್ದರೆ ಸ್ವಲ್ಪವಾದರೂ ಬರುತ್ತದೆ. ಆದರೂ ಶುರುವಿನ ವರ್ಷಗಳಲ್ಲಿ ಬಿಟ್ಟರೆ ನಷ್ಟ ತಪ್ಪುವುದಿಲ್ಲ.

## ಸಹಿ ಹಾಕಿ ಆಗಿದೆ, ಈಗೇನು

ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ನಿಮಗೆ ವಾಪಸ್ ಮಾಡುವ ಹಕ್ಕು ಇದೆ. ಇದನ್ನು ಫ್ರೀ ಲುಕ್ ಅವಧಿ ಅನ್ನುತ್ತಾರೆ. ಮೊದಲು 15 ದಿನ ಇತ್ತು, 2024ರಲ್ಲಿ 30ಕ್ಕೆ ಏರಿತು. ಆ ಕೆಲವು ದಿನದ ವಿಮೆಯ ಖರ್ಚು, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಸ್ಟಾಂಪ್ ಶುಲ್ಕ ಇಷ್ಟು ಹಿಡಿದುಕೊಂಡು ಉಳಿದದ್ದು ಕೊಡಬೇಕು. ಸರೋಜಮ್ಮ ಈ 30 ದಿನದೊಳಗೆ ಎಚ್ಚೆತ್ತಿದ್ದರೆ ಲಕ್ಷದಲ್ಲಿ ಬಹುಪಾಲು ವಾಪಸ್ ಬರುತ್ತಿತ್ತು.

ಹಾಗಾಗಿಯೇ "ಬಾಂಡ್ ನಮ್ಮ ಹತ್ತಿರವೇ ಭದ್ರವಾಗಿರಲಿ, ಆಮೇಲೆ ಕೊಡ್ತೀನಿ" ಅನ್ನುವ ಮಾತು ಬರುತ್ತದೆ. ಒಪ್ಪಬೇಡಿ. ಅಂಚೆಯಲ್ಲಿ ಬಂದರೆ ಲಕೋಟೆ ಎಸೆಯಬೇಡಿ, ಬಂದ ದಿನದ ಸಾಕ್ಷಿ ಅದೇ. ಇಮೇಲ್‌ನಲ್ಲಿ ಬಂದರೂ ದಿನ ಎಣಿಕೆ ಶುರುವಾಗುತ್ತದೆ. ವಾಪಸ್ ಮಾಡುವ ಪತ್ರವನ್ನು ವಿಮಾ ಕಂಪನಿಗೇ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಮಾರಿದ ಹುಡುಗನಿಗೆ ಫೋನ್ ಮಾಡಿ ಹೇಳಿದರೆ ಅದು ಲೆಕ್ಕಕ್ಕಿಲ್ಲ. "ಒಂದು ವಾರ ಇರಿ, ಮಾತಾಡ್ತೀನಿ" ಅಂತ ನಾಲ್ಕು ವಾರ ದಾಟಿಸುವುದು ಸುಲಭ.

ಅವಧಿ ಮುಗಿದಿದ್ದರೂ ದಾರಿ ಇದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಐಆರ್‌ಡಿಎಐನ ಬಿಮಾ ಭರೋಸಾ ತಾಣ bimabharosa.irdai.gov.in ಮೂಲಕವೂ, 155255 ನಂಬರಿಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಕಂಪನಿ ತಿರಸ್ಕರಿಸಿದರೆ, ಅಥವಾ ತಿಂಗಳಾದರೂ ಉತ್ತರ ಕೊಡದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. cioins.co.in ತಾಣದಿಂದಲೂ ಅರ್ಜಿ ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕಂಪನಿಯ ಉತ್ತರ ಬಂದು ಒಂದು ವರ್ಷ ದಾಟುವ ಮೊದಲು ಹೋಗಬೇಕು. 50 ಲಕ್ಷದವರೆಗಿನ ಪರಿಹಾರದ ಪ್ರಕರಣಗಳನ್ನು ಅವರು ನೋಡುತ್ತಾರೆ.

ಅಲ್ಲಿ "ನನಗೆ ಗೊತ್ತಿರಲಿಲ್ಲ" ಅನ್ನುವುದಕ್ಕಿಂತ ಕಾಗದ ಮಾತಾಡುತ್ತದೆ. ಪಾಸ್‌ಬುಕ್ಕಿನಲ್ಲಿ ಎಫ್‌ಡಿ ಮುಗಿದ ದಿನ ಮತ್ತು ಪ್ರೀಮಿಯಂ ಹೋದ ದಿನ ಒಂದೇ ಆಗಿರುವುದು, ಪಿಂಚಣಿ ಆದೇಶದ ಪ್ರತಿ, ಅರ್ಜಿಯಲ್ಲಿನ ಸುಳ್ಳು ಆದಾಯ, ಹುಡುಗ ಕಳಿಸಿದ ವಾಟ್ಸಾಪ್ ಸಂದೇಶ. ಇವನ್ನು ಕೂಡಿಸಿಟ್ಟುಕೊಂಡು ಹೋಗಿ.

## ಪ್ರಾಮಾಣಿಕ ಕಂಪನಿ ಏನು ಮಾಡುತ್ತದೆ

ಒಳ್ಳೆಯ ಕಂಪನಿಗಳು "ಸುಳ್ಳು ಹೇಳಬೇಡಿ" ಅಂತ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಸುಳ್ಳು ಹೇಳಿದರೆ ಲಾಭವೇ ಬರದ ಹಾಗೆ ಸಂಬಳದ ಲೆಕ್ಕ ಬದಲಿಸುತ್ತವೆ.

ಮೊದಲನೆಯದು, ಕಮಿಷನ್ ಹರಡುವುದು. ನಮ್ಮದೇ ಮ್ಯೂಚುವಲ್ ಫಂಡ್ ಇದಕ್ಕೆ ಉದಾಹರಣೆ. ಒಂದು ಕಾಲದಲ್ಲಿ ಅಲ್ಲೂ ಹೂಡಿಕೆ ಮಾಡಿದ ದಿನವೇ ಮುಂಗಡ ಕಮಿಷನ್ ಸಿಗುತ್ತಿತ್ತು. ಹಾಗಾಗಿ ಒಂದು ಫಂಡಿನಿಂದ ಬಿಡಿಸಿ ಇನ್ನೊಂದಕ್ಕೆ ಹಾಕಿಸುವ ಚಟ ಬೆಳೆದಿತ್ತು, ಬದಲಿಸಿದಷ್ಟೂ ಕಮಿಷನ್. ಹೂಡಿಕೆದಾರರ ದುಡ್ಡಿನಿಂದ ಕಮಿಷನ್‌ಗೆ ಅಂತ ಕಡಿದುಕೊಳ್ಳುತ್ತಿದ್ದ ಪ್ರವೇಶ ಶುಲ್ಕವನ್ನು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2009ರಲ್ಲಿ ತೆಗೆಯಿತು. 2018ರಲ್ಲಿ ಮುಂಗಡ ಕಮಿಷನ್ನನ್ನೇ ನಿಲ್ಲಿಸಿತು. ಈಗ ದುಡ್ಡು ಫಂಡಿನಲ್ಲಿ ಇರುವಷ್ಟು ಕಾಲ, ವರ್ಷ ವರ್ಷ ಸಣ್ಣ ಪಾಲು ಸಿಗುತ್ತದೆ. ಲಕ್ಷಕ್ಕೆ ಮೊದಲ ದಿನವೇ 30,000 ಸಿಗುವವರಿಗೂ, ವರ್ಷಕ್ಕೆ ಕೆಲವು ನೂರು ಸಿಗುವವರಿಗೂ ಯೋಚನೆ ಬೇರೆ. ಎರಡನೆಯವರಿಗೆ ಗ್ರಾಹಕರು ಹತ್ತು ವರ್ಷ ನೆಮ್ಮದಿಯಿಂದ ಉಳಿದರೆ ಮಾತ್ರ ದುಡಿಮೆ. ವಿಮೆಯಲ್ಲೂ ಕೆಲವು ಕಂಪನಿಗಳು ಪಾಲಿಸಿ ಬೇಗ ನಿಂತರೆ ಕೊಟ್ಟ ಕಮಿಷನ್ ವಾಪಸ್ ಪಡೆಯುವ ಷರತ್ತು ಹಾಕುತ್ತವೆ.

ಎರಡನೆಯದು, ಏನನ್ನು ಎಣಿಸುತ್ತೀರಿ ಅನ್ನುವುದು. ಆ ದಂಡದ ಬೆನ್ನಲ್ಲೇ ವೆಲ್ಸ್ ಫಾರ್ಗೋ ಶಾಖೆಗಳಲ್ಲಿ "ಇಷ್ಟು ಮಾರಬೇಕು" ಅನ್ನುವ ಗುರಿಯನ್ನೇ ಕೈಬಿಟ್ಟಿತು. ವಿಮೆಯಲ್ಲಿ ಎಣಿಸಬೇಕಾದ ಒಂದು ಸಂಖ್ಯೆ ಈಗಾಗಲೇ ಇದೆ: 13ನೇ ತಿಂಗಳಲ್ಲಿ ಎಷ್ಟು ಪಾಲಿಸಿ ಉಳಿದಿವೆ, 61ನೇ ತಿಂಗಳಲ್ಲಿ ಎಷ್ಟು. 13ನೇ ತಿಂಗಳು ಅಂದರೆ ಎರಡನೇ ವರ್ಷದ ಕಂತು ಬರುವ ಹೊತ್ತು. "ಒಂದೇ ಸಲ ಕಟ್ಟಿ ಸಾಕು" ಅಂತ ನಂಬಿಸಿದ್ದರೆ ಸುಳ್ಳು ಬಯಲಾಗುವುದು ಆಗಲೇ. ಒಂದು ಶಾಖೆಯಲ್ಲಿ ಮಾರ್ಚ್‌ನಲ್ಲಿ ಮಾರಿದ ಪಾಲಿಸಿಗಳು ಮುಂದಿನ ಏಪ್ರಿಲ್‌ಗೆ ರಾಶಿ ರಾಶಿ ನಿಂತುಹೋದರೆ ಯಾರೂ ದೂರು ಕೊಡದಿದ್ದರೂ ಏನಾಗಿದೆ ಅಂತ ಹೇಳಬಹುದು. ಮ್ಯಾನೇಜರ್ ಬೋನಸ್ಸನ್ನು ಈ ಸಂಖ್ಯೆಗೆ ಕಟ್ಟಿದ ಕಂಪನಿಯಲ್ಲಿ, ಕೆಟ್ಟ ಮಾರಾಟ ತಡೆಯಲು ಮ್ಯಾನೇಜರ್ ತಾನೇ ಎದ್ದು ನಿಲ್ಲುತ್ತಾರೆ.

ಮೂರನೆಯದು, ಕಮಿಷನ್ ತೋರಿಸುವುದು. ಬ್ರಿಟನ್ನಿನಲ್ಲಿ ಸಾಲದ ಜೊತೆಗೆ ಕಂತು ರಕ್ಷಣೆಯ ವಿಮೆಯನ್ನು ಲಕ್ಷಾಂತರ ಜನರಿಗೆ ಹೀಗೇ ಮಾರಿದ್ದರು. ಸೂಸನ್ ಪ್ಲೆವಿನ್ ಅನ್ನುವ ಮಹಿಳೆ ಅದಕ್ಕೆ 5,780 ಪೌಂಡ್ ಪ್ರೀಮಿಯಂ ಕಟ್ಟಿದ್ದರು. ಅದರಲ್ಲಿ ಶೇ 71.8 ಕಮಿಷನ್‌ಗೇ ಹೋಗಿತ್ತು, ಅವರಿಗೆ ಯಾರೂ ಹೇಳಿರಲಿಲ್ಲ. ಇಷ್ಟು ದೊಡ್ಡ ಕಮಿಷನ್ ಮುಚ್ಚಿಟ್ಟದ್ದೇ ಅನ್ಯಾಯ ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಈ ವಿಮೆಯ ಹೆಸರಲ್ಲಿ ಬ್ರಿಟನ್ನಿನ ಬ್ಯಾಂಕುಗಳು ಕೊನೆಗೆ ವಾಪಸ್ ಕೊಟ್ಟದ್ದು ಒಟ್ಟು 3,800 ಕೋಟಿ ಪೌಂಡ್. ಅಲ್ಲಿನ ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಸಾಲ ಕೊಟ್ಟ ಹೊತ್ತಿನಲ್ಲೂ, ಆಮೇಲಿನ ಏಳು ದಿನವೂ ಈ ವಿಮೆ ಮಾರುವ ಹಾಗಿಲ್ಲ. ಸಾಲ ಸಿಕ್ಕೀತೋ ಇಲ್ಲವೋ ಅನ್ನುವ ಆತಂಕದಲ್ಲಿ ಇರುವವರು ಯಾವುದಕ್ಕೂ ಬೇಡ ಅನ್ನಲಾರರು. ಆ ಹೊತ್ತನ್ನೇ ಮಾರುವವರ ಕೈಯಿಂದ ಕಿತ್ತುಕೊಂಡ ನಿಯಮ ಅದು.

ಕೊನೆಯದು ಆ ಫೋನ್ ಕರೆ. ಅದನ್ನು ಸರಿಪಡಿಸಲು ಹೆಚ್ಚು ಖರ್ಚೂ ಇಲ್ಲ. ಮಾರಾಟ ವಿಭಾಗಕ್ಕೆ ಸೇರದ, ಟಾರ್ಗೆಟ್ ಇಲ್ಲದ ಒಬ್ಬರು, ಮಾರಾಟವಾದ ಎರಡು ಮೂರು ದಿನ ಬಿಟ್ಟು, ಗ್ರಾಹಕರ ಭಾಷೆಯಲ್ಲೇ ಕರೆ ಮಾಡಬೇಕು. ಯೆಸ್ ಅನ್ನಬಹುದಾದ ಪ್ರಶ್ನೆ ಒಂದೂ ಇರಬಾರದು.

"ನಮಸ್ಕಾರ ಅಮ್ಮಾ, ನೀವು ಬ್ಯಾಂಕಲ್ಲಿ ಏನು ತಗೊಂಡ್ರಿ ಅಂತ ನಿಮ್ಮ ಮಾತಲ್ಲೇ ಹೇಳ್ತೀರಾ?"

"ಅದೇ, ಹೊಸ ಎಫ್‌ಡಿ ಸ್ಕೀಮು."

"ಎಷ್ಟು ಸಲ ದುಡ್ಡು ಕಟ್ಟಬೇಕು ಅಂತ ಹೇಳಿದ್ರು?"

"ಒಂದೇ ಸಲ ಅಲ್ವಾ? ಕಟ್ಟಿ ಆಯ್ತಲ್ಲ."

ಇಷ್ಟು ಕೇಳಿದ ಮೇಲೆ ಆ ಕರೆಯವರಿಗೆ ಒಂದು ಅಧಿಕಾರ ಇರಬೇಕು: ಯಾರನ್ನೂ ಕೇಳದೆ ಅರ್ಜಿಯನ್ನು ಅಲ್ಲೇ ತಡೆದು, ಸರೋಜಮ್ಮನ ಒಂದು ಲಕ್ಷವನ್ನು ಅವರ ಖಾತೆಗೆ ವಾಪಸ್ ಕಳಿಸುವ ಅಧಿಕಾರ.